ಸಂಘದ ಇತಿಹಾಸ ಒಂದೇ ಸ್ಲೈಡಿನಲ್ಲಿ: ಟೈಮ್‌ಲೈನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ ಸುತ್ತಮುತ್ತಲಿನ ರೈತ ಸಂಘಗಳು, ಮಹಿಳಾ ಗುಂಪುಗಳು, ಹಳೆಯ ಶಾಲೆಗಳಿಗೆ ಸ್ಲೈಡ್ ಮಾಡಿಕೊಡುವಾಗ ನನಗೆ ಸಿಗುವ ಪ್ರಶ್ನೆಗಳು ಇವು. ಬ್ಯಾಂಕಿನವರ ಮುಂದೆ, ಜಿಲ್ಲಾ ಅಧಿಕಾರಿಗಳ ಮುಂದೆ, ವಾರ್ಷಿಕ ಸಭೆಯಲ್ಲಿ ತೋರಿಸುವ ಸ್ಲೈಡ್ ಇದು. ಮಾತಾಡಲು ಸಿಗುವುದು ಎರಡು ಮೂರು ನಿಮಿಷ. ಲೆಕ್ಕ ತೋರಿಸಲು ತೊಗರಿ ಬೆಳೆಗಾರರ ಒಂದು ಸಂಘವನ್ನು ಉದಾಹರಣೆಯಾಗಿ ಕಟ್ಟಿಕೊಂಡಿದ್ದೇನೆ. ಅದರ ತಾರೀಖುಗಳು ಲೆಕ್ಕಕ್ಕಾಗಿ ಮಾಡಿಕೊಂಡವು.

## ಒಂದು ಸ್ಲೈಡಿನಲ್ಲಿ ಎಷ್ಟು ಘಟನೆ ಹಾಕಬಹುದು?

ಆರು ಅಥವಾ ಏಳು. ಇದು ಸ್ಲೈಡಿನ ಅಗಲದಿಂದ ಬರುವ ಲೆಕ್ಕ. ಪವರ್‌ಪಾಯಿಂಟಿನ ವೈಡ್‌ಸ್ಕ್ರೀನ್ ಸ್ಲೈಡ್ 33.87 ಸೆಂ.ಮೀ. ಅಗಲ ಇರುತ್ತದೆ. ಕನ್ನಡದಲ್ಲಿ ಒಂದು ಘಟನೆಯ ಬರಹ ಓದುವಂತಿರಬೇಕು ಅಂದರೆ ಅದರ ಪೆಟ್ಟಿಗೆ ಕನಿಷ್ಠ 4.5 ಸೆಂ.ಮೀ. ಅಗಲ ಬೇಕು. 16 ಪಾಯಿಂಟ್ ಅಕ್ಷರದಲ್ಲಿ ಆ ಅಗಲಕ್ಕೆ ಒಂದು ಸಾಲಿಗೆ ಸುಮಾರು ಏಳೆಂಟು ಅಕ್ಷರ ಹಿಡಿಯುತ್ತವೆ. ಗೆರೆಯ ಮೇಲೊಂದು, ಕೆಳಗೊಂದು ಹೀಗೆ ಇಟ್ಟರೂ ಘಟನೆಗಳು ಸಮ ದೂರದಲ್ಲಿ ಬರುವುದಿಲ್ಲ, ಏಳನ್ನು ದಾಟಿದ ಮೇಲೆ ಸಾಮಾನ್ಯವಾಗಿ ಅಕ್ಷರ ಚಿಕ್ಕದು ಮಾಡಬೇಕಾಗುತ್ತದೆ. ಆಗ ಹಿಂದಿನ ಸಾಲಿನಲ್ಲಿ ಕೂತವರಿಗೆ ಬರೀ ಚುಕ್ಕಿಗಳು ಕಾಣುತ್ತವೆ.

## ನಮ್ಮ ಹತ್ತಿರ ಇಪ್ಪತ್ತೈದು ಘಟನೆಗಳಿವೆ. ಯಾವುದನ್ನು ಬಿಡುವುದು?

ನಿಜವಾದ ಕೆಲಸ ಇದೇ. ಗೆರೆ ಎಳೆಯಲು ಅರ್ಧ ಗಂಟೆ ಸಾಕು, ಆಯ್ಕೆ ಮಾಡಲು ಒಂದು ದಿನ ಬೇಕಾಗಬಹುದು.

ಮೊದಲು ಇಪ್ಪತ್ತೈದನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ನಂತರ ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿ: ಇದು ಆಗದೇ ಇದ್ದಿದ್ದರೆ ಮುಂದಿನದು ಆಗುತ್ತಿತ್ತಾ? ನಮ್ಮ ತೊಗರಿ ಸಂಘದ ಪಟ್ಟಿಯಲ್ಲಿ ನೋಂದಣಿ ಇದೆ, ಮೊದಲ ಸಲ ಎಲ್ಲರ ತೊಗರಿ ಒಟ್ಟುಗೂಡಿಸಿ ಮಾರಿದ್ದು ಇದೆ, ಗೋದಾಮು ಇದೆ, ಬೇಳೆ ಗಿರಣಿ ಇದೆ. ಜೊತೆಗೆ ಮಂತ್ರಿಗಳ ಭೇಟಿ, ಅಧ್ಯಕ್ಷರಿಗೆ ಸನ್ಮಾನ, ಮೂರು ವಾರ್ಷಿಕ ಸಭೆ, ಒಂದು ಪ್ರವಾಸವೂ ಇವೆ. ಗೋದಾಮು ಇಲ್ಲದಿದ್ದರೆ ಕಟಾವಿನ ಕಾಲದಲ್ಲೇ ಬಂದ ಬೆಲೆಗೆ ಮಾರಬೇಕಿತ್ತು. ದಾಸ್ತಾನು ಇಲ್ಲದೆ ಗಿರಣಿ ನಡೆಸಲು ಆಗುತ್ತಿರಲಿಲ್ಲ. ಹಾಗಾಗಿ ಗೋದಾಮು ಉಳಿಯುತ್ತದೆ. ಸನ್ಮಾನ ಆಗದಿದ್ದರೂ ಗಿರಣಿ ಬರುತ್ತಿತ್ತು. ಅದು ಹೋಗಲಿ.

ಇಲ್ಲಿ ಮನಸ್ತಾಪ ಬರುತ್ತದೆ. "ನಮ್ಮ ಕಾಲದಾಗ ಆಗಿದ್ದು ಒಂದೂ ಇಲ್ಲಲ್ರೀ" ಎಂದು ಹಿರಿಯರೊಬ್ಬರು ನನ್ನ ಮುಂದೆಯೇ ಸಭೆಯಿಂದ ಎದ್ದು ಹೋಗಿದ್ದರು. ಆ ನೋವು ಸುಳ್ಳಲ್ಲ. ಅದಕ್ಕೇ ಈಗ ನಾನು ಇಪ್ಪತ್ತೈದು ಘಟನೆಗಳ ಪೂರ್ತಿ ಪಟ್ಟಿಯನ್ನು ಹೆಸರುಗಳ ಸಮೇತ ಒಂದು ಹಾಳೆಯಲ್ಲಿ ಅಚ್ಚು ಹಾಕಿ ಎಲ್ಲರ ಕೈಗೆ ಕೊಡಿಸುತ್ತೇನೆ. ಪರದೆಯ ಮೇಲೆ ಏಳು, ಕೈಯಲ್ಲಿ ಇಪ್ಪತ್ತೈದು. ಹೀಗೆ ಮಾಡಲು ಶುರು ಮಾಡಿದ ಮೇಲೆ ಯಾರೂ ಎದ್ದು ಹೋಗಿಲ್ಲ.

## ಪವರ್‌ಪಾಯಿಂಟಿನಲ್ಲೇ ಸಿದ್ಧ ಟೈಮ್‌ಲೈನ್ ಇದೆಯಲ್ಲ, ಅದು ಸಾಲದಾ?

`Insert > SmartArt > Process > Basic Timeline` ಒತ್ತಿದರೆ ಒಂದು ಬಾಣ, ಅದರ ಮೇಲೆ ಚುಕ್ಕಿಗಳು ಬರುತ್ತವೆ. ಆದರೆ ಅದು ಎಲ್ಲ ಚುಕ್ಕಿಗಳನ್ನೂ ಸಮ ದೂರದಲ್ಲಿ ಇಡುತ್ತದೆ. ನೀವು 2012, 2014, 2022, 2023 ಎಂದು ಬರೆದರೆ ಎರಡು ವರ್ಷದ ಅಂತರ, ಎಂಟು ವರ್ಷದ ಅಂತರ, ಒಂದು ವರ್ಷದ ಅಂತರ ಎಲ್ಲವೂ ಒಂದೇ ಉದ್ದ ಕಾಣುತ್ತವೆ. ಅದಕ್ಕೆ ನಿಮ್ಮ ತಾರೀಖು ಗೊತ್ತಿಲ್ಲ, ಅದು ಬರೀ ಪಟ್ಟಿಯನ್ನು ಅಡ್ಡಲಾಗಿ ಬರೆಯುತ್ತದೆ ಅಷ್ಟೇ.

ಕೆಲಸದ ಹಂತಗಳನ್ನು ತೋರಿಸಲು ಅದು ಸರಿ. ಮೊದಲು ಅರ್ಜಿ, ಆಮೇಲೆ ಮಂಜೂರಾತಿ, ಆಮೇಲೆ ಕಟ್ಟಡ ಎಂಬಲ್ಲಿ ಕ್ರಮ ಮುಖ್ಯ, ದೂರ ಮುಖ್ಯವಲ್ಲ. ಇತಿಹಾಸ ಹೇಳುವಾಗ ದೂರವೇ ಅರ್ಧ ಮಾತು ಆಡುತ್ತದೆ. ಗೋದಾಮಿನಿಂದ ಗಿರಣಿಗೆ ಐದು ವರ್ಷಕ್ಕೂ ಜಾಸ್ತಿ ಹಿಡಿಯಿತು, ಗಿರಣಿಯಿಂದ ಪ್ಯಾಕೆಟ್ಟಿಗೆ ಐದೇ ತಿಂಗಳು ಸಾಕಾಯಿತು. ಇದು ಕಣ್ಣಿಗೆ ಬಿದ್ದರೆ ಬ್ಯಾಂಕಿನವರೇ "ಯಾಕೆ ಅಷ್ಟು ತಡ?" ಎಂದು ಕೇಳುತ್ತಾರೆ. ನೀವು ಹೇಳಬೇಕಿರುವ ಕಥೆ ಅಲ್ಲಿಂದಲೇ ಶುರುವಾಗುತ್ತದೆ.

ಇನ್ನೊಂದು ತೊಂದರೆ ಇದೆ. ಘಟನೆ ಸೇರಿಸಿದಷ್ಟೂ ಅದು ಎಲ್ಲ ಬರಹವನ್ನೂ ತಾನಾಗಿಯೇ ಕುಗ್ಗಿಸುತ್ತದೆ. ನಿಮಗೆ ಗೊತ್ತಾಗುವಷ್ಟರಲ್ಲಿ ಅಕ್ಷರ 10 ಪಾಯಿಂಟಿಗೆ ಇಳಿದಿರುತ್ತದೆ.

## ಹಾಗಾದರೆ ವರ್ಷಕ್ಕೆ ತಕ್ಕ ದೂರದಲ್ಲಿ ಚುಕ್ಕಿ ಇಡುವುದು ಹೇಗೆ?

ಒಂದು ಸಾದಾ ಗೆರೆ, ಕೆಲವು ದುಂಡು ಚುಕ್ಕಿ, ಕೆಲವು ಬರಹದ ಪೆಟ್ಟಿಗೆ ಸಾಕು. ಲೆಕ್ಕ ಹೀಗಿದೆ.

ನಮ್ಮ ಸಂಘದ ಕಥೆ 2012ರ ಜನವರಿಯಿಂದ 2024ರ ಡಿಸೆಂಬರ್‌ವರೆಗೆ, ಅಂದರೆ 13 ವರ್ಷ. ವರ್ಷಕ್ಕೆ 2.2 ಸೆಂ.ಮೀ. ಕೊಟ್ಟರೆ ಗೆರೆ 28.6 ಸೆಂ.ಮೀ. ಆಗುತ್ತದೆ. ಅದನ್ನು ಎಡಗಡೆಯಿಂದ 2.6 ಸೆಂ.ಮೀ. ಬಿಟ್ಟು ಎಳೆದರೆ ಬಲಗಡೆಯೂ ಹೆಚ್ಚುಕಡಿಮೆ ಅಷ್ಟೇ ಜಾಗ ಉಳಿಯುತ್ತದೆ. ಈಗ ಎಕ್ಸೆಲ್‌ನಲ್ಲಿ A ಕಾಲಮ್ಮಿಗೆ ವರ್ಷ, B ಕಾಲಮ್ಮಿಗೆ ತಿಂಗಳ ಸಂಖ್ಯೆ ಬರೆದು C ಕಾಲಮ್ಮಿಗೆ ಈ ಸೂತ್ರ ಹಾಕಿ:

```
=2.6+(A2+(B2-1)/12-2012)*2.2
```

ಬರುವ ಸಂಖ್ಯೆಯೇ ಸ್ಲೈಡಿನ ಎಡ ಅಂಚಿನಿಂದ ಆ ಘಟನೆಗಿರುವ ದೂರ. ನಮ್ಮ ಸಂಘಕ್ಕೆ ಸಿಕ್ಕ ಉತ್ತರಗಳು ಇವು:

| ಘಟನೆ | ಯಾವಾಗ | ದೂರ (ಸೆಂ.ಮೀ.) |
|---|---|---|
| ನೋಂದಣಿ | 2012 ಜೂನ್ | 3.5 |
| ಮೊದಲ ಒಟ್ಟು ಮಾರಾಟ | 2014 ಜನವರಿ | 7.0 |
| ಗೋದಾಮು | 2017 ಫೆಬ್ರುವರಿ | 13.8 |
| ಬೇಳೆ ಗಿರಣಿ ಶುರು | 2022 ಅಕ್ಟೋಬರ್ | 26.3 |
| ಸ್ವಂತ ಹೆಸರಿನ ಪ್ಯಾಕೆಟ್ | 2023 ಮಾರ್ಚ್ | 27.2 |
| ಎರಡನೇ ಗೋದಾಮು | 2024 ನವೆಂಬರ್ | 30.8 |

ಚುಕ್ಕಿಯನ್ನು ಮೌಸಿನಿಂದ ಎಳೆದು ಅಂದಾಜಿಗೆ ಇಡಬೇಡಿ. ಚುಕ್ಕಿ ಆರಿಸಿಕೊಂಡು `Format Shape > Size & Properties > Position > Horizontal position` ತೆರೆದು ಸಂಖ್ಯೆಯನ್ನೇ ಟೈಪ್ ಮಾಡಿ. ಕಂಪ್ಯೂಟರ್ ಇಂಚಿನಲ್ಲಿ ತೋರಿಸುತ್ತಿದ್ದರೆ `3.5 cm` ಎಂದು ಬರೆದರೆ ಸಾಕು, ಅದೇ ಬದಲಿಸಿಕೊಳ್ಳುತ್ತದೆ.

ಇಲ್ಲೊಂದು ತಪ್ಪು ಎಲ್ಲರೂ ಮಾಡುತ್ತಾರೆ, ನಾನೂ ಮಾಡಿದ್ದೇನೆ. ಆ ಜಾಗದಲ್ಲಿ ಬರೆಯುವ ಸಂಖ್ಯೆ ಆಕಾರದ ಎಡ ಅಂಚಿನದು, ನಡುವಿನದಲ್ಲ. ಚುಕ್ಕಿಯ ಅಗಲ 0.6 ಸೆಂ.ಮೀ. ಇದ್ದರೆ ಅರ್ಧ, ಅಂದರೆ 0.3 ಕಳೆಯಬೇಕು. 4.5 ಅಗಲದ ಬರಹದ ಪೆಟ್ಟಿಗೆಗೆ 2.25 ಕಳೆಯಬೇಕು. ಗೋದಾಮಿನ ಚುಕ್ಕಿಗೆ 13.5, ಅದರ ಬರಹಕ್ಕೆ 11.55. ಕಳೆಯಲು ಮರೆತರೆ ಬರಹಗಳೆಲ್ಲ ಬಲಕ್ಕೆ ವಾಲುತ್ತವೆ. ಕೊನೆಯ ಪೆಟ್ಟಿಗೆ ಸ್ಲೈಡಿನಿಂದ ಹೊರಗೆ ಹೋಗಿದ್ದರೆ ಕಾರಣ ಇದೇ ಅಂತ ತಿಳಿಯಿರಿ.

ಕೊನೆಗೆ ಗೆರೆಯ ಕೆಳಗೆ ಚಿಕ್ಕ ಗುರುತು ಹಾಕಿ 2012, 2016, 2020, 2024 ಎಂದು ಬರೆಯಿರಿ. ಪ್ರತಿ ವರ್ಷದ ಅಂಕಿ ಬೇಡ, ನಾಲ್ಕು ವರ್ಷಕ್ಕೊಂದು ಇದ್ದರೆ ಸಾಕು.

## ಗಿರಣಿ ಮತ್ತು ಪ್ಯಾಕೆಟ್ ಒಂದರ ಮೇಲೊಂದು ಬಿದ್ದವು. ಏನು ಮಾಡೋದು?

ಚುಕ್ಕಿಗಳ ನಡುವೆ 0.9 ಸೆಂ.ಮೀ. ಇದೆ, ಬರಹಕ್ಕೆ 4.5 ಬೇಕು. ಬೀಳಲೇಬೇಕು. ಚುಕ್ಕಿ ಜರುಗಿಸಬೇಡಿ, ಬರಹ ಜರುಗಿಸಿ. ಒಂದು ಬರಹ ಗೆರೆಯ ಮೇಲೆ, ಇನ್ನೊಂದು ಕೆಳಗೆ ಹೋಗಲಿ. ನಮ್ಮ ಸ್ಲೈಡಿನಲ್ಲಿ ನೋಂದಣಿ ಮೇಲೆ, ಮೊದಲ ಮಾರಾಟ ಕೆಳಗೆ, ಗೋದಾಮು ಮೇಲೆ, ಗಿರಣಿ ಮೇಲೆ, ಪ್ಯಾಕೆಟ್ ಕೆಳಗೆ, ಎರಡನೇ ಗೋದಾಮು ಮೇಲೆ ಇಟ್ಟರೆ ಒಂದೂ ತಾಗುವುದಿಲ್ಲ. ಮೂರು ಘಟನೆ ಒಂದೇ ವರ್ಷದಲ್ಲಿದ್ದರೆ ಮೂರನೆಯದನ್ನು ಇನ್ನೂ ಎತ್ತರದಲ್ಲಿಟ್ಟು ಚುಕ್ಕಿಯಿಂದ ಒಂದು ತೆಳು ಕಡ್ಡಿ ಎಳೆಯಿರಿ. ನಾಲ್ಕು ಇದ್ದರೆ ಆಯ್ಕೆ ಇನ್ನೂ ಮುಗಿದಿಲ್ಲ ಎಂದೇ ಅರ್ಥ.

## 2017ರಿಂದ 2022ರವರೆಗೆ ಗೆರೆ ಖಾಲಿ. ಅದನ್ನು ತುಂಬಿಸಬೇಕಾ?

ಸುಮ್ನೆ ತುಂಬಿಸಬೇಡಿ. ಆ ಖಾಲಿ ಜಾಗದಲ್ಲಿ ಏನಾಯಿತು ಎಂದು ಯೋಚಿಸಿ.

ಹೊರಗೆ ನಡೆದ ಕೆಲವು ಸಂಗತಿಗಳು ಸಂಘದ ಕಥೆಗೆ ಕಾರಣವಾಗುತ್ತವೆ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಜಿಐ ಮಾನ್ಯತೆ ಸಿಕ್ಕಿತು. ನಮ್ಮ ಸಂಘ ಸ್ವಂತ ಗಿರಣಿ, ಸ್ವಂತ ಪ್ಯಾಕೆಟ್ ಬೇಕು ಎಂದು ಹೊರಟಿದ್ದು ಅದಾದ ಮೇಲೆ ಅಂದುಕೊಳ್ಳಿ. ಮರುವರ್ಷ ಮಾರ್ಚ್ 25ರಿಂದ ದೇಶದಲ್ಲಿ ಲಾಕ್‌ಡೌನ್ ಬಂತು. ಗಿರಣಿ ಕೆಲಸ ನಿಂತಿತು.

ಇವನ್ನು ಸಂಘದ ಘಟನೆಗಳ ಸಾಲಿಗೆ ಸೇರಿಸಬೇಡಿ. ಗೆರೆಯ ಕೆಳಗೆ, ಬೂದು ಬಣ್ಣದಲ್ಲಿ, ಚುಕ್ಕಿ ಇಲ್ಲದೆ ಬರೆಯಿರಿ. ಜಿಐ ಮಾನ್ಯತೆಗೆ ವರ್ಷ ಮಾತ್ರ ಬರೆದರೂ ನಡೆಯುತ್ತದೆ. ಆಗ ಬರಹವನ್ನು ಆ ವರ್ಷದ ನಡುವಿಗೆ, ನಮ್ಮ ಲೆಕ್ಕದಲ್ಲಿ 19.1 ಸೆಂ.ಮೀ.ಗೆ ಇಡಿ. ನಿಂತುಹೋದ ಕೆಲಸ ಒಂದು ದಿನದ ಘಟನೆಯಲ್ಲ. ಅದಕ್ಕೆ ಗೆರೆಯ ಮೇಲೆಯೇ ಶುರುವಿನಿಂದ ಕೊನೆಯವರೆಗೆ ಒಂದು ತಿಳಿ ಬಣ್ಣದ ಪಟ್ಟಿ ಎಳೆಯಿರಿ. ಚುಕ್ಕಿ ಅಂದರೆ "ಆಯಿತು", ಪಟ್ಟಿ ಅಂದರೆ "ನಡೆಯುತ್ತಿತ್ತು". ಕಟ್ಟಡದ ಕೆಲಸ, ತರಬೇತಿ, ಕೋರ್ಟ್ ಕೇಸು ಎಲ್ಲಕ್ಕೂ ಇದೇ ರೀತಿ.

ಕೆಟ್ಟ ವರ್ಷಗಳನ್ನು ಮುಚ್ಚಿಡಬೇಡಿ ಎಂದು ನಾನು ಪ್ರತಿ ಸಂಘಕ್ಕೂ ಹೇಳುತ್ತೇನೆ. ಮುಚ್ಚಿಟ್ಟರೂ ಗೆರೆಯ ಖಾಲಿ ಜಾಗ ಅದನ್ನು ಹೇಳಿಬಿಡುತ್ತದೆ.

## ನಮ್ಮದು ಹೈದರಾಬಾದ್ ಕಾಲದ ಸಂಸ್ಥೆ. ಎಂಬತ್ತು ವರ್ಷ ಒಂದು ಗೆರೆಯಲ್ಲಿ ಹಿಡಿಯುತ್ತಾ?

ಹಿಡಿಯುತ್ತದೆ, ಆದರೆ ವರ್ಷಕ್ಕೆ ಸಿಗುವುದು ಒಂದು ಸೆಂ.ಮೀ.ನ ಮೂರನೇ ಒಂದು ಭಾಗದಷ್ಟು. ಬೀದರಿನಲ್ಲಿ 1940ರಲ್ಲಿ ಶುರುವಾದ ಒಂದು ವಾಚನಾಲಯ ಅಂದುಕೊಳ್ಳಿ. ಮೊದಲ ಅರವತ್ತು ವರ್ಷಕ್ಕೆ ಮೂರು ಘಟನೆ, ಕೊನೆಯ ಹನ್ನೆರಡು ವರ್ಷಕ್ಕೆ ಐದು. ಆ ಐದಕ್ಕೆ ಸಿಗುವ ಜಾಗ ನಾಲ್ಕು ಸೆಂ.ಮೀ.

ನನಗೆ ಇಷ್ಟವಾದ ದಾರಿ ಎರಡು ಗೆರೆ ಎಳೆಯುವುದು. ಮೇಲಿನ ತೆಳು ಗೆರೆಯಲ್ಲಿ ಪೂರ್ತಿ 85 ವರ್ಷ. ಕೆಳಗಿನ ದಪ್ಪ ಗೆರೆಯಲ್ಲಿ ಕೊನೆಯ 12 ವರ್ಷ ಮಾತ್ರ, ದೊಡ್ಡದಾಗಿ. ಮೇಲಿನ ಗೆರೆಯ ಆ ತುಂಡಿನ ಎರಡು ತುದಿಗಳಿಂದ ಕೆಳಗಿನ ಗೆರೆಯ ಎರಡು ತುದಿಗಳಿಗೆ ಬೂದು ಕಡ್ಡಿ ಎಳೆದರೆ, ಭೂತಗನ್ನಡಿ ಹಿಡಿದಂತೆ ಕಾಣುತ್ತದೆ.

ಗೆರೆಯನ್ನು ನಡುವೆ ಮುರಿಯುವವರೂ ಇದ್ದಾರೆ. ಮುರಿದರೆ ಅಲ್ಲಿ ಅಂಕುಡೊಂಕು ಗುರುತು ಹಾಕಿ ಎಷ್ಟು ವರ್ಷ ಬಿಟ್ಟಿದ್ದೀರಿ ಎಂದು, ಉದಾಹರಣೆಗೆ "24 ವರ್ಷ" ಎಂದು, ಬರೆಯಲೇಬೇಕು. ಬರೆಯದಿದ್ದರೆ ನೋಡುವವರಿಗೆ ಮೋಸ ಮಾಡಿದಂತೆ.

ಮೇಲಿನ ಗೆರೆಗೆ ನಮ್ಮ ಭಾಗದ ಕೆಲವು ತಾರೀಖು ಆಸರೆ ಕೊಡುತ್ತವೆ. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. 2013ರಿಂದ 371(ಜೆ) ಸೌಲಭ್ಯ ಸಿಕ್ಕಿತು. ಮೂರನ್ನೂ ಹಾಕಬೇಕೆಂದಿಲ್ಲ. 1956ರಲ್ಲಿ ನಿಮ್ಮ ವಾಚನಾಲಯಕ್ಕೆ ಕನ್ನಡ ಪುಸ್ತಕ ಬರತೊಡಗಿದ್ದರೆ ಅದನ್ನು ಹಾಕಿ, ಏನೂ ಬದಲಾಗದಿದ್ದರೆ ಬಿಡಿ.

## ಹಳೆಯ ಉರ್ದು ಕಾಗದದಲ್ಲಿ ವರ್ಷ 1357 ಎಂದಿದೆ. ಇದು ಯಾವ ವರ್ಷ?

ಅದು ಫಸಲಿ ವರ್ಷ ಇರಬಹುದು. ನಿಜಾಮರ ಕಾಲದ ಕಂದಾಯ ಮತ್ತು ಕಚೇರಿ ಕಾಗದಗಳಲ್ಲಿ ಇದೇ ನಡೆಯುತ್ತಿತ್ತು. ಫಸಲಿ ವರ್ಷಕ್ಕೆ 590 ಕೂಡಿದರೆ ಅದು ಶುರುವಾಗುವ ಇಸವಿ ಸಿಗುತ್ತದೆ. 1357ಕ್ಕೆ 590 ಕೂಡಿದರೆ 1947. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರಿನಲ್ಲಿ ಶುರುವಾಗುತ್ತಿತ್ತು. ಹಾಗಾಗಿ ಕಾಗದದಲ್ಲಿ ತಿಂಗಳು ಇಲ್ಲದಿದ್ದರೆ ಸ್ಲೈಡಿನಲ್ಲಿ "1947–48" ಎಂದೇ ಬರೆಯಿರಿ.

ಹಿಜರಿ ವರ್ಷವೂ ಅದೇ ಕಾಗದದಲ್ಲಿ ಇರಬಹುದು, ಎರಡೂ ನಾಲ್ಕು ಅಂಕಿಯವೇ. 1357 ಹಿಜರಿ ಅಂದರೆ 1938–39. ಒಂಬತ್ತು ವರ್ಷ ಹೆಚ್ಚುಕಡಿಮೆ! ಉರ್ದು ಓದಬಲ್ಲ ಹಿರಿಯರಿಗೆ ತೋರಿಸಿ, ವರ್ಷದ ಪಕ್ಕದಲ್ಲಿ ಫಸಲಿ ಎಂಬ ಗುರುತು ಇದೆಯಾ ಎಂದು ಕೇಳಿ ಮುಂದುವರಿಯಿರಿ.

## ಸಂಘ ಶುರುವಾಗಿದ್ದು 2010 ಎಂದು ಕೆಲವರು, 2012 ಎಂದು ಕೆಲವರು. ಯಾವುದನ್ನು ಬರೆಯಲಿ?

ಸಾಮಾನ್ಯವಾಗಿ ಇಬ್ಬರೂ ಸರಿ ಇರುತ್ತಾರೆ. ಜನ ಸೇರಿದ್ದು 2010, ನೋಂದಣಿ ಆಗಿದ್ದು 2012. "ಆರಂಭ" ಎಂಬ ಪದ ಬಿಟ್ಟು ಏನಾಯಿತೋ ಅದನ್ನೇ ಬರೆಯಿರಿ: "ನೋಂದಣಿ, 2012". ಕಾಗದ ಇರುವ ತಾರೀಖಿಗೆ ಗಟ್ಟಿ ಚುಕ್ಕಿ, ನೆನಪಿನ ಮೇಲೆ ಬರೆದದ್ದಕ್ಕೆ ಒಳಗೆ ಖಾಲಿ ಇರುವ ಚುಕ್ಕಿ ಹಾಕುವುದು ಒಳ್ಳೆಯ ರೂಢಿ. 2010ನ್ನು ಸೇರಿಸುವುದಾದರೆ ಗೆರೆಯೂ 2010ರಿಂದಲೇ ಶುರುವಾಗಬೇಕು, ವರ್ಷಕ್ಕೆ ಕೊಡುವ ಸೆಂ.ಮೀ. ಕಡಿಮೆಯಾಗುತ್ತದೆ, ದೂರಗಳನ್ನು ಮತ್ತೆ ಲೆಕ್ಕ ಹಾಕಬೇಕು.

## ಗುಲಬರ್ಗಾ ಎಂದು ಬರೆಯಬೇಕೋ, ಕಲಬುರಗಿ ಎಂದೋ?

ಊರಿನ ಹೆಸರು ಅಧಿಕೃತವಾಗಿ ಬದಲಾಗಿದ್ದು 2014ರ ನವೆಂಬರ್ 1ರಂದು. ಊರನ್ನು ಎಲ್ಲ ಕಡೆ ಕಲಬುರಗಿ ಎಂದೇ ಬರೆಯಿರಿ. ಸಂಸ್ಥೆಯ ಹೆಸರಿನಲ್ಲೇ ಹಳೆಯದು ಇದ್ದರೆ ಅದನ್ನು ಹಾಗೆಯೇ ಬಿಡಿ. 1980ರಲ್ಲಿ ಶುರುವಾದ ಗುಲಬರ್ಗಾ ವಿಶ್ವವಿದ್ಯಾಲಯವನ್ನು ನಾವು ಹಾಗೆಯೇ ಬರೆಯುತ್ತೇವಲ್ವಾ?

## ನಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿತ್ತು, ಸಭೆಯಲ್ಲಿ ಕನ್ನಡವೇ ಹೋಗಿ ಇಂಗ್ಲಿಷ್ ಅಕ್ಷರ ಬಂತು. ಯಾಕೆ?

ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿರುತ್ತೀರಿ. ಅದರಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳೇ, ಫಾಂಟ್ ಅವಕ್ಕೆ ಕನ್ನಡದ ರೂಪ ಕೊಡುತ್ತದೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಮುಖವಾಡ ಕಳಚುತ್ತದೆ. ಒಂದು ತಾಲ್ಲೂಕು ಸಭೆಯಲ್ಲಿ ನನ್ನ ಸ್ಲೈಡಿಗೆ ಹೀಗಾಗಿ, ಹನ್ನೆರಡು ವರ್ಷದ ಇತಿಹಾಸವನ್ನು ಬಾಯಲ್ಲೇ ಹೇಳಬೇಕಾಯಿತು. ಅವತ್ತಿನಿಂದ ಹೊರಡುವ ಮುಂಚೆ ಒಂದು ಪರೀಕ್ಷೆ ಮಾಡುತ್ತೇನೆ.

ಒಂದು ಬರಹವನ್ನು ಆರಿಸಿ ಫಾಂಟನ್ನು `Nirmala UI` ಮಾಡಿ ನೋಡಿ. ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್, ಭಯವಿಲ್ಲ. ಇಂಗ್ಲಿಷ್ ಅಕ್ಷರ ಕಂಡರೆ ಯೂನಿಕೋಡಿಗೆ ಬದಲಿಸಿಕೊಳ್ಳಬೇಕು, ಇಲ್ಲವೇ ಮತ್ತೆ ಟೈಪ್ ಮಾಡಬೇಕು. ಏಳೇ ಬರಹಗಳಲ್ವಾ, ಹತ್ತು ನಿಮಿಷದ ಕೆಲಸ. ಬೇರೆ ಯೂನಿಕೋಡ್ ಫಾಂಟ್ ಬಳಸಿದ್ದರೆ `File > Options > Save > Embed fonts in the file` ಗುರುತು ಹಾಕಿ. ಎಲ್ಲ ಫಾಂಟುಗಳೂ ಇದಕ್ಕೆ ಒಪ್ಪುವುದಿಲ್ಲ. ಹಾಗಾಗಿ ಪೆನ್‌ಡ್ರೈವಿನಲ್ಲಿ ಒಂದು ಪಿಡಿಎಫ್ ಕೂಡ ಇರಲಿ.

## ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತಿವೆ.

ಸಾಲುಗಳ ಅಂತರವನ್ನು 1.0ಕ್ಕಿಂತ ಕಡಿಮೆ ಮಾಡಿರುತ್ತೀರಿ. ಇಂಗ್ಲಿಷಿನಲ್ಲಿ 0.8 ನಡೆಯುತ್ತದೆ, ಕನ್ನಡಕ್ಕೆ ಒತ್ತು ಕೆಳಗೆ, ಗುಡಿಸು ಮೇಲೆ ಎರಡೂ ಕಡೆ ಜಾಗ ಬೇಕು. ಅಂತರ ಕುಗ್ಗಿಸುವ ಬದಲು ಪದ ಕಡಿಮೆ ಮಾಡಿ. "ಸಂಘದ ವತಿಯಿಂದ ನೂತನ ಗೋದಾಮು ಉದ್ಘಾಟನೆ ನೆರವೇರಿತು" ಎನ್ನುವಲ್ಲಿ "ಗೋದಾಮು, 500 ಚೀಲ" ಸಾಕು. ಎರಡನೆಯದರಲ್ಲಿ ಸುದ್ದಿ ಜಾಸ್ತಿ ಇದೆ.

## ಅನಿಮೇಷನ್ ಹಾಕಬಹುದಾ?

ಬೇಡ. ದೂರ ಕಾಣಬೇಕಾದರೆ ಪೂರ್ತಿ ಗೆರೆ ಒಟ್ಟಿಗೆ ಕಾಣಬೇಕು.

## ಮುಂದಿನ ಯೋಜನೆಯನ್ನೂ ಅದೇ ಗೆರೆಯಲ್ಲಿ ತೋರಿಸಬಹುದಾ?

ತೋರಿಸಬಹುದು. ಇವತ್ತಿನ ತಾರೀಖಿಗೆ ಒಂದು ಉದ್ದ ಕಡ್ಡಿ ನಿಲ್ಲಿಸಿ, ಅದರಾಚೆ ಗೆರೆಯನ್ನು ತುಂಡು ತುಂಡಾಗಿ ಎಳೆಯಿರಿ. ಮುಂದಿನದು ಒಂದೇ ಘಟನೆ ಇರಲಿ. ಮೂರು ಕನಸು ಬರೆದರೆ ಆದದ್ದು ಯಾವುದು, ಆಗಬೇಕಾದದ್ದು ಯಾವುದು ಎಂದು ನೋಡುವವರಿಗೆ ಗೊಂದಲವಾಗುತ್ತದೆ. ಸಾಲ ಕೇಳಲು ಹೋಗುತ್ತಿದ್ದರೆ ಆ ಒಂದು ಘಟನೆ, ನೀವು ಯಾವುದಕ್ಕೆ ಸಾಲ ಕೇಳುತ್ತಿದ್ದೀರೋ ಅದೇ ಆಗಿರಬೇಕು.

## ಸ್ಲೈಡ್ ಸರಿಯಾಗಿದೆ ಎಂದು ಹೇಗೆ ಗೊತ್ತಾಗುತ್ತದೆ?

ಎ4 ಹಾಳೆಯಲ್ಲಿ ಕಪ್ಪುಬಿಳುಪಿನಲ್ಲಿ ಅಚ್ಚು ಹಾಕಿ, ನೆಲದ ಮೇಲಿಟ್ಟು ನಿಂತುಕೊಂಡು ಓದಿ. ಓದಲಾಗದ ಬರಹ ಸಭೆಯಲ್ಲೂ ಓದಲಾಗುವುದಿಲ್ಲ. ಬಣ್ಣದಿಂದ ಮಾತ್ರ ಬೇರೆ ಮಾಡಿದ್ದೆಲ್ಲ ಇಲ್ಲಿ ಒಂದೇ ಬೂದಾಗಿ ಕಾಣುತ್ತದೆ. ಆಗ ಆಕಾರದಿಂದ ಬೇರೆ ಮಾಡಿ.

ಆಮೇಲೆ ಸಂಘದ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರಿಗೆ ಹತ್ತು ಸೆಕೆಂಡ್ ತೋರಿಸಿ, ಹಾಳೆ ಮಗುಚಿಡಿ. "ಏನು ಕಂಡಿತು?" ಎಂದು ಕೇಳಿ. ತೊಗರಿ ಸಂಘದ ಸ್ಲೈಡಿಗೆ "ಗೋದಾಮಾದ ಮೇಲೆ ಭಾಳ ದಿನ ನಿಂತಿತ್ತು, ಆಮ್ಯಾಲೆ ಜಲ್ದಿ ಜಲ್ದಿ ಆಗ್ಯಾದ್ರಿ" ಎಂಬ ಉತ್ತರ ಬಂದರೆ ಗೆರೆ ತನ್ನ ಕೆಲಸ ಮಾಡಿದೆ. "ಏನೋ ಆರು ಏಳು ಚುಕ್ಕಿ ಇದ್ವು" ಎಂದರೆ ಮತ್ತೆ ಆಯ್ಕೆಯ ಹಾಳೆಗೆ ಹೋಗಿ.